ನಾಲ್ಕು ಸಮೀಕರಣಗಳಿಂದ ಬೆಳಕಿನ ವೇಗದವರೆಗೆ

ನಿರ್ವಾತದಲ್ಲಿ ನಿಂತು ಶುರು ಮಾಡೋಣ. ಚಾರ್ಜ್ ಇಲ್ಲ, ಕರೆಂಟ್ ಇಲ್ಲ, ತಂತಿ ಇಲ್ಲ. ಅಂದರೆ ρ = 0, J = 0. ಆಗ ಮ್ಯಾಕ್ಸ್‌ವೆಲ್ ಸಮೀಕರಣಗಳು ಹೀಗೆ ಉಳಿಯುತ್ತವೆ:

∇·E = 0 … (1)
∇·B = 0 … (2)
∇×E = −∂B/∂t … (3)
∇×B = μ₀ε₀ ∂E/∂t … (4)

ಮೊದಲ ಎರಡು ಹೇಳೋದು ಇಷ್ಟೇ: ಕ್ಷೇತ್ರದ ರೇಖೆಗಳು ಇಲ್ಲಿ ಎಲ್ಲೂ ಹುಟ್ಟುವುದಿಲ್ಲ, ಎಲ್ಲೂ ಮುಗಿಯುವುದಿಲ್ಲ. ಮೂರನೆಯದು ಫ್ಯಾರಡೆಯದು. B ಬದಲಾದರೆ ಅದರ ಸುತ್ತ E ಸುತ್ತುತ್ತದೆ. ನಾಲ್ಕನೆಯದು ಆಂಪಿಯರ್ ನಿಯಮದಲ್ಲಿ ಕರೆಂಟ್ ತೆಗೆದುಹಾಕಿದ ಮೇಲೆ ಉಳಿದದ್ದು, ಮ್ಯಾಕ್ಸ್‌ವೆಲ್ ತಾನೇ ಸೇರಿಸಿದ ಭಾಗ. ಅದನ್ನೇ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಅನ್ನುತ್ತಾರೆ. ಇದರ ಬಗ್ಗೆ ಆಮೇಲೆ ಸ್ವಲ್ಪ ಜಾಸ್ತಿ ಮಾತಾಡಬೇಕು.

ಈಗ ತೊಂದರೆ ಏನು ಅಂದರೆ (3) ಮತ್ತು (4) ಎರಡರಲ್ಲೂ E, B ಒಂದಕ್ಕೊಂದು ಹೆಣೆದುಕೊಂಡಿವೆ. E ಬೇಕು ಅಂದರೆ B ಗೊತ್ತಿರಬೇಕು, B ಬೇಕು ಅಂದರೆ E ಗೊತ್ತಿರಬೇಕು. ಬಿಡಿಸೋ ದಾರಿ ಒಂದೇ: (3)ಕ್ಕೆ ಇನ್ನೊಮ್ಮೆ ಕರ್ಲ್ ಹಾಕುವುದು. ಯಾಕೆ ಕರ್ಲ್? ಬಲಗಡೆ B ಇದೆ, ಅದರ ಕರ್ಲ್ ಏನು ಅಂತ (4) ಆಗಲೇ ಹೇಳಿಬಿಟ್ಟಿದೆ, ಅದೂ ಬರೀ E ಲೆಕ್ಕದಲ್ಲಿ. B ಅಲ್ಲೇ ಕಳಚಿಕೊಳ್ಳುತ್ತದೆ.

∇×(∇×E) = −∇×(∂B/∂t) = −∂(∇×B)/∂t

ಸ್ಥಾನದ ಡಿಫರೆನ್ಶಿಯೇಶನ್, ಕಾಲದ ಡಿಫರೆನ್ಶಿಯೇಶನ್ ಯಾವುದು ಮೊದಲು ಮಾಡಿದರೂ ಒಂದೇ, ಅದಕ್ಕೇ ಅದಲು ಬದಲು ಮಾಡಿದ್ದು. ಈಗ (4) ಹಾಕಿ:

∇×(∇×E) = −μ₀ε₀ ∂²E/∂t²

ಎಡಗಡೆಗೆ ವೆಕ್ಟರ್ ಐಡೆಂಟಿಟಿ ಬೇಕು:

∇×(∇×E) = ∇(∇·E) − ∇²E

ನಂಬಿಕೆ ಬರದಿದ್ದರೆ x ಘಟಕ ಒಂದನ್ನು ಬಿಡಿಸಿ ನೋಡಿ, ನಾಲ್ಕು ಸಾಲಿನ ಕೆಲಸ. ಒಂದು ಎಚ್ಚರಿಕೆ: ∇²E ಅಂದರೆ ಪ್ರತಿ ಘಟಕಕ್ಕೂ ಬೇರೆ ಬೇರೆಯಾಗಿ ∇² ಹಾಕುವುದು ಅಂತ ತಿಳಿಯೋದು x, y, z ಅಕ್ಷಗಳಲ್ಲಿ ಮಾತ್ರ ಸರಿ. ಗೋಳೀಯ ನಿರ್ದೇಶಾಂಕಗಳಲ್ಲಿ ಹಾಗೆ ಮಾಡಿದರೆ ತಪ್ಪು ಉತ್ತರ ಬರುತ್ತದೆ, ಯಾಕೆಂದರೆ ಅಲ್ಲಿ ಯೂನಿಟ್ ವೆಕ್ಟರ್‌ಗಳೇ ಜಾಗದಿಂದ ಜಾಗಕ್ಕೆ ದಿಕ್ಕು ಬದಲಿಸುತ್ತವೆ.

(1)ರ ಪ್ರಕಾರ ∇·E = 0, ಮೊದಲ ಪದ ಹೋಯಿತು. ಎರಡೂ ಕಡೆ ಮೈನಸ್ ಹೊಡೆದುಹಾಕಿದರೆ:

∇²E = μ₀ε₀ ∂²E/∂t²

ಇದೇ ತರಂಗ ಸಮೀಕರಣ. (4)ಕ್ಕೆ ಕರ್ಲ್ ಹಾಕಿ, (3) ಮತ್ತು (2) ಬಳಸಿದರೆ B ಕೂಡ ಇದೇ ಸಮೀಕರಣಕ್ಕೆ ಬಂದು ನಿಲ್ಲುತ್ತದೆ. ಬರೆದು ತೋರಿಸುವ ಅಗತ್ಯ ಇಲ್ಲ, ಅಕ್ಷರ ಬದಲಿಸಿದ್ದಷ್ಟೇ.

ಇದು ತರಂಗವೇ ಅಂತ ಹೇಗೆ ಗೊತ್ತು? ಒಂದೇ ದಿಕ್ಕಿನಲ್ಲಿ, z ಉದ್ದಕ್ಕೆ, ಆಕಾರ ಕೆಡದೆ v ವೇಗದಲ್ಲಿ ಹೋಗುವ ಯಾವುದನ್ನಾದರೂ f(z − vt) ಅಂತ ಬರೆಯಬಹುದು. z ಮೇಲೆ ಎರಡು ಸಲ ಡಿಫರೆನ್ಶಿಯೇಟ್ ಮಾಡಿದರೆ f″, t ಮೇಲೆ ಮಾಡಿದರೆ v²f″. ಸಮೀಕರಣಕ್ಕೆ ಹಾಕಿದರೆ f″ = μ₀ε₀v²f″, ಅಂದರೆ

v = 1/√(μ₀ε₀)

f ಸೈನ್ ಆಗಿರಬೇಕು ಅಂತ ಎಲ್ಲೂ ಕೇಳಲಿಲ್ಲ, ಗಮನಿಸಿ. ಯಾವ ಆಕಾರವಾದರೂ ಇದೇ ವೇಗ.

ಈಗ ಸಂಖ್ಯೆ. μ₀ = 1.2566×10⁻⁶ ನ್ಯೂಟನ್/ಆಂಪಿಯರ್², ε₀ = 8.854×10⁻¹² ಕೂಲಂಬ್²/(ನ್ಯೂಟನ್·ಮೀ²). ಗುಣಿಸಿದರೆ 1.1126×10⁻¹⁷. ಯೂನಿಟ್ ನೋಡಿ: ನ್ಯೂಟನ್ ಹೊಡೆದುಹೋಗುತ್ತದೆ, ಕೂಲಂಬ್ ಭಾಗಿಸು ಆಂಪಿಯರ್ ಅಂದರೆ ಸೆಕೆಂಡ್, ಉಳಿಯೋದು ಸೆ²/ಮೀ². ವರ್ಗಮೂಲ 3.3356×10⁻⁹, ತಲೆಕೆಳಗು ಮಾಡಿದರೆ ಸೆಕೆಂಡಿಗೆ 2.998×10⁸ ಮೀಟರ್. ಬೆಳಕಿನ ವೇಗ.

ಇಲ್ಲಿಗೆ ಎಷ್ಟೋ ಕಡೆ ಪಾಠ ಮುಗಿಸಿ, ಆಹಾ ಎಂಥ ಅದ್ಭುತ ಅಂತ ಕೈ ತೊಳೆದುಕೊಳ್ಳುತ್ತಾರೆ. ಆದರೆ ಪಟ್ಟಿಯಿಂದ ಎತ್ತಿಕೊಂಡ ಸಂಖ್ಯೆಗಳಿಂದ ಏನೂ ಸಾಬೀತಾಗುವುದಿಲ್ಲ. 1983ರಿಂದ ಬೆಳಕಿನ ವೇಗ 299792458 ಮೀ/ಸೆ ಅಂತ ವ್ಯಾಖ್ಯೆಯಲ್ಲೇ ನಿಗದಿ ಆಗಿದೆ. 2019ರವರೆಗೆ μ₀ ಕೂಡ 4π×10⁻⁷ ಅಂತ ನಿಗದಿಯೇ. ಹಾಗಾದರೆ ಪಟ್ಟಿಯ ε₀ ಎಲ್ಲಿಂದ ಬಂತು? 1/(μ₀c²) ಲೆಕ್ಕ ಹಾಕಿ! ನಾವು ಹಾಕಿದ್ದನ್ನೇ ನಾವು ವಾಪಸ್ ತೆಗೆದ ಹಾಗಾಯಿತು, ಅಲ್ವಾ? 2019ರ ನಂತರ μ₀ಗೆ ಅಳತೆಯ ಸಣ್ಣ ಅನಿಶ್ಚಿತತೆ ಸೇರಿಕೊಂಡಿದೆ, ಆದರೆ c ನಿಗದಿಯಾಗಿಯೇ ಇದೆ, ಹಾಗಾಗಿ μ₀ε₀ ಗುಣಲಬ್ಧವೂ ನಿಗದಿಯೇ.

ನಿಜವಾದ ಪರೀಕ್ಷೆ ನಡೆದದ್ದು ಬೆಳಕನ್ನೇ ಮುಟ್ಟದ ಒಂದು ಪ್ರಯೋಗದಲ್ಲಿ. 1856ರಲ್ಲಿ ವೇಬರ್ ಮತ್ತು ಕೋಲ್‌ರೌಶ್ ಲೇಡನ್ ಜಾಡಿಯಲ್ಲಿ ಚಾರ್ಜ್ ತುಂಬಿ, ಆ ಚಾರ್ಜನ್ನು ಒಂದು ಕಡೆ ವಿದ್ಯುತ್ ಬಲದಿಂದ ಅಳೆದರು, ಇನ್ನೊಂದು ಕಡೆ ಅದು ತಂತಿಯಲ್ಲಿ ಹರಿದಾಗ ಆಗುವ ಕಾಂತ ಪರಿಣಾಮದಿಂದ ಅಳೆದರು. ಎರಡು ಅಳತೆಗಳ ಅನುಪಾತದಿಂದ ಇವತ್ತಿನ 1/√(μ₀ε₀) ಬರುತ್ತದೆ: ಸುಮಾರು 3.107×10⁸ ಮೀ/ಸೆ. ಅದಕ್ಕೂ ಮೊದಲು, 1849ರಲ್ಲಿ, ಫಿಜೋ ತಿರುಗುವ ಹಲ್ಲಿನ ಚಕ್ರದ ಸಂದಿಯಲ್ಲಿ ಬೆಳಕು ಹಾಯಿಸಿ ಸುಮಾರು 3.15×10⁸ ಅಂತ ಅಳೆದಿದ್ದ. ಒಂದರಲ್ಲಿ ಜಾಡಿ ಮತ್ತು ತಂತಿ, ಇನ್ನೊಂದರಲ್ಲಿ ಕನ್ನಡಿ ಮತ್ತು ಚಕ್ರ. ಎರಡೂ ಶೇಕಡಾ ಒಂದೂವರೆಯಷ್ಟು ವ್ಯತ್ಯಾಸದಲ್ಲಿ ಕೂಡಿಬಂದವು. ಬೆಳಕೂ ವಿದ್ಯುತ್ಕಾಂತ ಅಲೆಯೇ ಅಂತ ಮ್ಯಾಕ್ಸ್‌ವೆಲ್ ಧೈರ್ಯವಾಗಿ ಹೇಳಿದ್ದು ಇದರ ಬಲದ ಮೇಲೆ.

ಇನ್ನು ಡಿಸ್‌ಪ್ಲೇಸ್‌ಮೆಂಟ್ ಕರೆಂಟ್. (4)ರ ಬಲಗಡೆಯನ್ನು ಸುಮ್ನೆ ಸೊನ್ನೆ ಮಾಡಿ, ಮೇಲಿನ ಲೆಕ್ಕ ಮತ್ತೆ ಮಾಡಿ. ∇²E = 0 ಬರುತ್ತದೆ. ಕಾಲವೇ ಮಾಯ! ವೇಗ ಅನ್ನೋ ಮಾತೇ ಇಲ್ಲ. ಫ್ಯಾರಡೆ ನಿಯಮ ಒಂದೇ ಇದ್ದರೆ B ಬದಲಾಗಿ E ಹುಟ್ಟುತ್ತದೆ, ಆದರೆ ಆ E ತಿರುಗಿ B ಹುಟ್ಟಿಸಲಾರದು. ಸರಪಳಿ ಒಂದೇ ಕೊಂಡಿಗೆ ನಿಂತುಬಿಡುತ್ತದೆ.

ಕೊನೆಗೆ, ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಜಾಗ. ತರಂಗ ಸಮೀಕರಣಕ್ಕೆ ಹೊಂದುವ ಎಲ್ಲವೂ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಹೊಂದುವುದಿಲ್ಲ. ಕರ್ಲ್ ಹಾಕಿದಾಗ ಸ್ವಲ್ಪ ಮಾಹಿತಿ ಸೋರಿಹೋಗುತ್ತದೆ, ಅದಕ್ಕೆ ಮೂಲ ನಾಲ್ಕಕ್ಕೆ ವಾಪಸ್ ಹೋಗಲೇಬೇಕು. z ದಿಕ್ಕಿನಲ್ಲಿ ಹೋಗುವ ಸಮತಲ ಅಲೆಗೆ Ez ಇದ್ದರೆ (1)ರಿಂದ ∂Ez/∂z = 0, ಅಂದರೆ ಆ ಘಟಕ ಅಲೆಯಾಗಲು ಸಾಧ್ಯವೇ ಇಲ್ಲ. E ಅಡ್ಡಡ್ಡಲಾಗಿಯೇ ಇರಬೇಕು. Ex = E₀cos(kz − ωt) ತೆಗೆದುಕೊಂಡು (3)ರ y ಘಟಕ ಬರೆಯಿರಿ:

∂Ex/∂z = −∂By/∂t
−kE₀ sin(kz − ωt) = −∂By/∂t
By = (k/ω)E₀ cos(kz − ωt)

ω/k = c ಆದ್ದರಿಂದ By = Ex/c. ಎರಡೂ ಒಂದಕ್ಕೊಂದು ಲಂಬ, ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಒಂದು ಸೊನ್ನೆ ಆದಾಗ ಇನ್ನೊಂದು ಗರಿಷ್ಠ ಅಂತ ಕೆಲವರು ಊಹಿಸುತ್ತಾರೆ, ಅದು ಇಲ್ಲಿ ತಪ್ಪು. E₀ ಮೀಟರಿಗೆ 100 ವೋಲ್ಟ್ ಇದ್ದರೆ B ಬರೀ 3.3×10⁻⁷ ಟೆಸ್ಲಾ, ಭೂಮಿಯ ಕಾಂತಕ್ಷೇತ್ರದ ನೂರನೇ ಒಂದು ಪಾಲಿನ ಆಸುಪಾಸು.