ಗೌರಜ್ಜಿಯ ವಾಯ್ಸ್ ನೋಟ್: 34 ನಿಮಿಷ, ಅವರು ಹೇಳಿದ ಹಾಗೆ

ಅಪ್ಪ, ರಾಘವ ಚಿಕ್ಕಪ್ಪ, ನಾರಾಯಣ ಮಾವ, ಮತ್ತೆ ನಮ್ಮ ಮಕ್ಕಳ ಗುಂಪಿಗೆಲ್ಲ,

ಗೌರಜ್ಜಿ ಕಳೆದ ಭಾನುವಾರ ನನಗೆ ಮೂರು ತುಂಡು ವಾಯ್ಸ್ ನೋಟ್ ಕಳಿಸಿದ್ದಾರೆ. ಒಟ್ಟು 34 ನಿಮಿಷ. ಮುಳುಗಡೆಯಾದ ನಮ್ಮ ಹಳೇ ಮನೆಯ ಕಥೆ. ಎಲ್ಲರಿಗೂ ಕೂತು ಕೇಳಲು ಆಗುವುದಿಲ್ಲ, ಅಜ್ಜಿಯ ಮಾತು ನಡುನಡುವೆ ಸಣ್ಣದಾಗುತ್ತದೆ. ಅದಕ್ಕೇ ಈ ಸಾರ. ನಾಲ್ಕು ಸಲ ಕೇಳಿ ಬರೆದಿದ್ದೇನೆ. ಅಜ್ಜಿ ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ನೆನಪಿಲ್ಲ ಎಂದದ್ದು ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ. ನಾನು ಸೇರಿಸಿದ್ದು ಇದ್ದರೆ ಅಲ್ಲೇ ಹೇಳಿದ್ದೇನೆ.

ಮೊದಲು ಹೆಸರುಗಳು. ಇವನ್ನು ಸರಿ ಮಾಡಿಕೊಳ್ಳದಿದ್ದರೆ ಕಥೆಯೇ ತಪ್ಪಾಗುತ್ತದೆ. ಅಜ್ಜಿಯ ಅಪ್ಪಯ್ಯ ಶಿವರಾಮ, ಆಯಿ ಭಾಗೀರಥಿ. ಮಕ್ಕಳಲ್ಲಿ ದೊಡ್ಡವರು ಮಂಜುನಾಥ, ಅಂದರೆ ನಮ್ಮಜ್ಜ. ಕೊನೆಯವರು ವೆಂಕಟರಮಣ, ನಾವು ಪುಟ್ಟಜ್ಜ ಎನ್ನುತ್ತಿದ್ದವರು. ಅಜ್ಜಿ ಮಾತಿನಲ್ಲಿ "ಮಂಜಣ್ಣ" ಎಂದರೆ ನಮ್ಮಜ್ಜ. ಬರೀ "ಮಂಜ" ಎಂದರೆ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದವನು, ಬೇರೆಯೇ ಮನುಷ್ಯ. ಮೊದಲ ಸಲ ಕೇಳಿದಾಗ ನಾನು ಇಬ್ಬರನ್ನೂ ಒಂದೇ ಮಾಡಿಬಿಟ್ಟಿದ್ದೆ. ನಮ್ಮಜ್ಜ ಮಳೆಗಾಲದ ಹೊಳೆಯಲ್ಲಿ ರಾತ್ರಿ ದೋಣಿ ಹಾಕಿ ಸೂಲಗಿತ್ತಿಯನ್ನು ಕರೆತಂದರು ಎಂದು ಬರೆದೂ ಆಗಿತ್ತು. ಫೋನ್ ಮಾಡಿ ಕೇಳಿದೆ. "ಮಂಜಣ್ಣಂಗೆ ದೋಣಿ ಎಲ್ಲಿ ಬತ್ತಿತ್ತು!" ಎಂದರು. ಕರೆತಂದವನು ದೋಣಿ ಮಂಜ. ಆ ಪುಣ್ಯ ಅವನದು.

ಇನ್ನೊಂದು ಹೆಸರು ನಮ್ಮ ವಂಶವೃಕ್ಷದಲ್ಲಿ ಇಲ್ಲವೇ ಇಲ್ಲ. ಶಾರದೆ. ಮಂಜಣ್ಣನ ನಂತರ, ಗೌರಜ್ಜಿಗಿಂತ ಮೊದಲು ಹುಟ್ಟಿದವಳು. ಏಳನೇ ವಯಸ್ಸಿನಲ್ಲಿ ಜ್ವರ ಬಂದು ಹೋದಳು. ಆಗ ಅಜ್ಜಿಗೆ ನಾಲ್ಕೋ ಐದೋ ವರ್ಷ. ಅವಳ ಬಗ್ಗೆ ಅಜ್ಜಿಗೆ ನೆನಪಿರುವುದು ಒಂದೇ: ಜಗಲಿಯ ಮೇಲೆ ಕೂತು ಅಜ್ಜಿಯ ತಲೆ ಬಾಚುತ್ತಿದ್ದಳು, ಎಳೆದು ನೋವು ಮಾಡುತ್ತಿದ್ದಳು. ಆಯಿ ಆಮೇಲೆ ಆ ಹೆಸರು ಎತ್ತಲೇ ಇಲ್ಲವಂತೆ. ಇಷ್ಟು ವರ್ಷ ನಾವು "ಮೂರು ಜನ ಮಕ್ಕಳು" ಎನ್ನುತ್ತಾ ಬಂದೆವು. ನಾಲ್ಕು ಜನ. ರಾಘವ ಚಿಕ್ಕಪ್ಪ, ನಿಮ್ಮ ಹತ್ತಿರ ಇರುವ ದೊಡ್ಡ ಹಾಳೆಯಲ್ಲಿ ದಯವಿಟ್ಟು ಸೇರಿಸಿ.

ಶಿವರಾಮಜ್ಜನ ತಾಯಿಯನ್ನು ಅಜ್ಜಿ "ದೊಡ್ಡಾಯಿ" ಎಂದೇ ಹೇಳಿದ್ದಾರೆ. ನಿಜವಾದ ಹೆಸರು ಕೇಳಿದ್ದಕ್ಕೆ, "ಯಂಗೆ ಗೊತ್ತಿಲ್ಲೆ ಕೂಸೇ. ಅವಳ ಹೆಸರು ಹಿಡಿದು ಯಾರೂ ಕರೀತಿರ್ಲೆ" ಎಂದರು. ಅಪ್ಪ ನೀವು "ಗಂಗೆ ಇರಬೇಕು" ಎಂದಿರಿ. ಅದು ನಮ್ಮ ಊಹೆ, ಅಜ್ಜಿಯ ಮಾತಲ್ಲ. ಹಾಗಾಗಿ ಇಲ್ಲಿ ದೊಡ್ಡಾಯಿ ಎಂದೇ ಇರುತ್ತದೆ.

ಮೊದಲ ತುಂಡು ಪೂರ್ತಿ ಮನೆಯದು. ಮಡೆನೂರಿನ ಹತ್ತಿರ, ಶರಾವತಿಯಿಂದ ಕೂಗಳತೆ ದೂರ. ಮುಂದೆ ಅಂಗಳ, ಬಲಕ್ಕೆ ಕೊಟ್ಟಿಗೆ, ಹಿಂದೆ ಅಡಿಕೆ ತೋಟ, ತೋಟ ದಾಟಿದರೆ ಗದ್ದೆ. ಒಂದು ಮುಳುಗಡೆಯಲ್ಲ, ಎರಡು ಮುಳುಗಡೆ ಎಂದು ಅಜ್ಜಿ ಒತ್ತಿ ಹೇಳುತ್ತಾರೆ. ಮೊದಲನೆಯದು ಮಡೆನೂರು ಕಟ್ಟೆಯದು. ಅದೇ ಹಿರೇಭಾಸ್ಕರ ಅಣೆಕಟ್ಟು, 1948ರದು (ಇಸವಿ ನಾನು ಸೇರಿಸಿದ್ದು). ಆಗ ಅಜ್ಜಿ ಸಣ್ಣವರು. ಹಿನ್ನೀರು ಬಂದು ಕೆಳಗದ್ದೆ ಹೋಯಿತು, ತೋಟ, ಮನೆ ಉಳಿಯಿತು. "ಇನ್ನು ನೀರು ಮೇಲೆ ಬತ್ತಿಲ್ಲೆ" ಎಂದು ಎಲ್ಲರೂ ನಂಬಿದ್ದರಂತೆ. ಆಮೇಲೆ ಲಿಂಗನಮಕ್ಕಿ ಬಂತು. ಅದು ಆ ಹಳೇ ಕಟ್ಟೆಯನ್ನೂ ನುಂಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದಾಗ ಮಡೆನೂರು ಕಟ್ಟೆ ಮೇಲೆ ಕಾಣುತ್ತದಲ್ವಾ, ಅದನ್ನು ಟಿವಿಯಲ್ಲಿ ತೋರಿಸಿದಾಗ ಅಜ್ಜಿ ನೋಡಲಿಲ್ಲವಂತೆ, ಎದ್ದು ಒಳಗೆ ಹೋದರಂತೆ.

ಹೊಳೆ ದಡದಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು. ಜೀರಿಗೆ ಪರಿಮಳದ್ದು. ಇದರ ಬಗ್ಗೆ ಅಜ್ಜಿ ಆರು ನಿಮಿಷ ಮಾತಾಡಿದ್ದಾರೆ, ಮದುವೆ ಬಗ್ಗೆ ಅರ್ಧ ನಿಮಿಷ. ಮರ ನಮ್ಮದಲ್ಲ, ಯಾರದೂ ಅಲ್ಲ, ಹೊಳೆಯದು. ಮಿಡಿ ಕೊಯ್ಯಲು ಮರ ಹತ್ತುತ್ತಿದ್ದವನು ಹುಚ್ಚಪ್ಪ. ಒಂದು ಮಿಡಿಯೂ ನೆಲಕ್ಕೆ ಬಿದ್ದು ಪೆಟ್ಟಾಗದ ಹಾಗೆ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದ. ಕೊನೇ ವರ್ಷ ಎರಡು ಭರಣಿ ಉಪ್ಪಿನಕಾಯಿ ಆಯಿತು. ಹೊಸ ಊರಿಗೆ ಹೋದ ಮೇಲೆ ಮಿಡಿ ಮುಗಿದರೂ ಭಾಗೀರಥಜ್ಜಿ ಉಪ್ಪುನೀರನ್ನು ಚೆಲ್ಲಲಿಲ್ಲ. ಮುಂದಿನ ವರ್ಷ ಬೇರೆ ಮರದ ಮಿಡಿಯನ್ನು ಅದೇ ನೀರಿಗೆ ಹಾಕಿದರು. "ಪರಿಮಳ ಮಾತ್ರ ಹಳೇದು" ಎಂದರಂತೆ. ಎಷ್ಟು ವರ್ಷ ಹಾಗೆ ನಡೆಯಿತು ಎಂದು ಅಜ್ಜಿ ಹೇಳಿಲ್ಲ.

ಎರಡನೇ ತುಂಡಿನಲ್ಲಿ ನಾರಾಯಣ ಮಾವ ಹುಟ್ಟಿದ್ದು. ಅಜ್ಜಿ ಸಿದ್ದಾಪುರದ ಕಡೆಗೆ ಮದುವೆಯಾಗಿ ಹೋಗಿದ್ದರು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದರು. ಆಷಾಢದ ಮಳೆ, ರಾತ್ರಿ. ದೋಣಿ ಮಂಜ ಆಚೆ ದಡದಿಂದ ಸೂಲಗಿತ್ತಿಯನ್ನು ಕರೆತಂದ. ಆ ಮನೆಯಲ್ಲಿ ಹುಟ್ಟಿದ ಕೊನೇ ಮಗು ನಾರಾಯಣ ಮಾವ. ಇಸವಿ "ಅರವತ್ಮೂರೋ ಅರವತ್ನಾಲ್ಕೋ, ಕಟ್ಟೆ ಕೆಲಸ ಇನ್ನೂ ನಡೀತಿತ್ತು" ಎನ್ನುತ್ತಾರೆ ಅಜ್ಜಿ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಮಾವ, ನಿಮ್ಮ ಶಾಲೆ ದಾಖಲೆಯಲ್ಲಿ 1962 ಇದೆ ಎಂದಿದ್ದಿರಿ. ಎರಡನ್ನೂ ಬರೆದಿಟ್ಟಿದ್ದೇನೆ. ಯಾವುದನ್ನೂ ತಿದ್ದಿಲ್ಲ.

ಈಗ ನನಗೆ ಬರೆಯಲು ಕಷ್ಟವಾದ ಭಾಗ.

ಶಿವರಾಮಜ್ಜ ಪರಿಹಾರದ ಹಣವನ್ನು ಮುಟ್ಟಲಿಲ್ಲ, ಕಚೇರಿಯ ಮೇಜಿನ ಮೇಲೇ ಬಿಟ್ಟು ಎದ್ದು ಬಂದರು. ಇದನ್ನು ನಾವೆಲ್ಲ ಕೇಳುತ್ತಾ ಬೆಳೆದಿದ್ದೇವೆ. ನಾನೂ ಸ್ನೇಹಿತರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೇನೆ. ಅಜ್ಜಿ ಎರಡನೇ ತುಂಡಿನ 9ನೇ ನಿಮಿಷದಲ್ಲಿ ಹೇಳಿದ್ದು ಹೀಗೆ: "ಅಪ್ಪಯ್ಯ ದುಡ್ಡು ತಗಂಡ. ತಗಳ್ದೆ ಎಂತ ಮಾಡ್ತಿದ್ದ? ಮನೇಲಿ ಎಂಟು ಜನ." ಎರಡು ಕಂತಿನಲ್ಲಿ ಬಂತು. ಎರಡನೆಯದು ತುಂಬಾ ತಡವಾಯಿತು. ಎಷ್ಟು ಬಂತು ಎಂದು ಒಮ್ಮೆ ಒಂದು ಹೇಳಿದರು, ಇನ್ನೊಮ್ಮೆ ಇನ್ನೊಂದು. ಕೇಳಿದಾಗ "ನೆನಪಿಲ್ಲೆ" ಎಂದರು. ಆದ್ದರಿಂದ ಮೊತ್ತ ಬರೆದಿಲ್ಲ. ಮೇಜಿನ ಮೇಲೆ ಬಿಟ್ಟು ಬಂದ ಕಥೆ ಎಲ್ಲಿಂದ ಬಂತು ಎಂದೂ ಕೇಳಿದೆ. ಅಜ್ಜಿಗೆ ಗೊತ್ತೇ ಇಲ್ಲ, ಅವರು ಅದನ್ನು ಕೇಳಿದ್ದೇ ನಮ್ಮಿಂದ.

ಇದರ ಬೆನ್ನಿಗೇ ಹುಚ್ಚಪ್ಪನ ಮಾತು ಬರುತ್ತದೆ. ಇಲ್ಲಿ ಅಜ್ಜಿಯ ದನಿ ಬದಲಾಗುತ್ತದೆ, ಕೇಳಿದರೆ ನಿಮಗೂ ತಿಳಿಯುತ್ತದೆ. ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ದೀವರ ಹುಚ್ಚಪ್ಪ, ಅವನ ಹೆಂಡತಿ ಚೌಡಮ್ಮ. ಅವನ ಅಪ್ಪನೂ ಅದೇ ಗದ್ದೆ ಮಾಡಿದವನು. ಅಜ್ಜಿಗೆ ಹತ್ತು ವರ್ಷವಿದ್ದಾಗ ಕಾಗೋಡಿನಲ್ಲಿ ಗಲಾಟೆಯಾಯಿತು ಎಂಬ ಸುದ್ದಿ ಮನೆಗೆ ಬಂದಿತ್ತು. 1951ರ ಕಾಗೋಡು ಸತ್ಯಾಗ್ರಹ ಅದು, ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಹೊತ್ತಿಕೊಂಡದ್ದು. ನಮ್ಮಲ್ಲಿ ಗಲಾಟೆ ಆಗಲಿಲ್ಲ. ಆದರೆ ಆ ಸಲ ಭತ್ತ ಅಳೆಯುವಾಗ ಹುಚ್ಚಪ್ಪ ಕೊಳಗವನ್ನೇ ನೋಡುತ್ತಾ ನಿಂತಿದ್ದ, ಅಪ್ಪಯ್ಯ ಅವನ ಮುಖ ನೋಡಲಿಲ್ಲ. ಇದನ್ನು ಅಜ್ಜಿ ಕಣ್ಣಾರೆ ಕಂಡಿದ್ದಾರೆ.

ಮುಳುಗಡೆ ಆದಾಗ ಗದ್ದೆಯ ಹಣ ಶಿವರಾಮಜ್ಜನ ಹೆಸರಿಗೆ ಬಂತು. ಹುಚ್ಚಪ್ಪನ ಹತ್ತಿರ ಗೇಣಿ ಚೀಟಿ ಇರಲಿಲ್ಲ, ಯಾವ ಕಾಗದವೂ ಇರಲಿಲ್ಲ. ಅವನಿಗೆ ಸರ್ಕಾರದಿಂದ ಏನೂ ಬರಲಿಲ್ಲ. ಶಿವರಾಮಜ್ಜ ತಮ್ಮ ಕೈಯಿಂದ ಸ್ವಲ್ಪ ಕೊಟ್ಟರು. ಅಜ್ಜಿಯ ಮಾತು: "ಕೊಟ್ಟ. ಸಾಕಪ್ಪಷ್ಟು ಕೊಡ್ಲೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ನ ಬಿಡಡ, ಬರಿ" ಎನ್ನುತ್ತಾರೆ.

ಬಿಟ್ಟಿಲ್ಲ. ಚಿಕ್ಕಪ್ಪ, ನೀವು ನಿನ್ನೆ ಫೋನಿನಲ್ಲಿ "ಹಳೇದೆಲ್ಲ ಈಗ ಯಾಕೆ, ಮಕ್ಕಳು ಓದುತ್ತವೆ" ಎಂದಿರಿ. ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ಇದು ಅಜ್ಜಿ ಬಾಯಿಬಿಟ್ಟು ಕೇಳಿಕೊಂಡದ್ದು. ಮಿಡಿಯ ಪರಿಮಳ ಇಟ್ಟುಕೊಂಡು ಮರ ಹತ್ತಿದವನನ್ನು ಬಿಟ್ಟರೆ ಅದು ಅಜ್ಜಿಯ ಕಥೆ ಆಗುವುದಿಲ್ಲ.

ಮೂರನೇ ತುಂಡು ಮನೆ ಬಿಟ್ಟದ್ದು. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಆ ದಿನ ಅಜ್ಜಿ ಅಲ್ಲಿರಲಿಲ್ಲ. ಬಾಣಂತನ ಮುಗಿಸಿ ಐದು ತಿಂಗಳ ಮಗುವಿನ ಜೊತೆ ಗಂಡನ ಮನೆಗೆ ಹೋಗಿಯಾಗಿತ್ತು. ಇನ್ನು ಮುಂದಿನದನ್ನೆಲ್ಲ ಅವರು ಮಂಜಣ್ಣನಿಂದ ಕೇಳಿದ್ದು. ಲಾರಿ ಬಂತು. ಹಂಚು ಇಳಿಸಿದರು, ಕಂಬ ಬಿಚ್ಚಿದರು, ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತರು. ತಾಳಗುಪ್ಪದ ಮನೆಯ ಬಾಗಿಲು ಅದೇ. ತುಳಸಿಕಟ್ಟೆಯ ಕಲ್ಲನ್ನು ಪುಟ್ಟಜ್ಜ ತಾವೇ ಹೊತ್ತು ಲಾರಿಗೆ ಹಾಕಿದರು. ಅಡಿಕೆ ಮರ ಕಡಿದು ಮಾರಿ ಎಂದು ಯಾರೋ ಹೇಳಿದರು. ಶಿವರಾಮಜ್ಜ ಒಪ್ಪಲಿಲ್ಲ, ತೋಟವನ್ನು ನಿಂತ ಹಾಗೇ ಬಿಟ್ಟರು. ದೊಡ್ಡಾಯಿ ಲಾರಿ ಹತ್ತಲು ಒಪ್ಪದೆ ದೋಣಿ ಮಂಜನ ದೋಣಿಯಲ್ಲೇ ಹೊಳೆ ದಾಟಿದರು. ಅಲ್ಲಿಂದ ಮುಂದೆ ಹೇಗೆ ಬಂದರು ಎಂಬುದು ಸರಿಯಾಗಿ ಕೇಳಿಸುವುದಿಲ್ಲ, 4ನೇ ನಿಮಿಷದ ಹೊತ್ತಿಗೆ ಮಿಕ್ಸಿ ಸದ್ದು.

ಅಜ್ಜಿ ಸ್ವಂತ ಕಣ್ಣಿನಿಂದ ಕಂಡದ್ದು ಮತ್ತೆ ಒಂದೇ ಸಲ. ನೀರು ಬಂದ ಮೇಲೆ ಗಂಡನ ಜೊತೆ ದಡದವರೆಗೆ ಹೋಗಿದ್ದರು. ಮನೆ ಇದ್ದ ಜಾಗ ಗೊತ್ತಾಗಲಿಲ್ಲ. ತೋಟ ಮಾತ್ರ ಗೊತ್ತಾಯಿತು. ಅಡಿಕೆ ಮರದ ಚಂಡೆಗಳು ನೀರಿನ ಮೇಲೆ ಸಾಲಾಗಿ ನಿಂತಿದ್ದವು, ಇನ್ನೂ ಹಸಿರಾಗಿ. ಒಂದರಲ್ಲಿ ಗೊನೆಯೂ ಇತ್ತು. ಮಗುವನ್ನು ಎತ್ತಿ "ನೋಡು, ನೀ ಹುಟ್ಟಿದ ಮನೆ" ಎಂದು ಆ ಕಡೆ ತೋರಿಸಿದರಂತೆ. ನಾರಾಯಣ ಮಾವ, ಇದನ್ನು ನಿಮಗೆ ಅವರು ಹೇಳಿದ್ದಾರಾ?

ಮೂಲ ಆಡಿಯೋ ಮೂರನ್ನೂ ಈ ಗುಂಪಿಗೆ ಹಾಕಿದ್ದೇನೆ. ಅಳಿಸಬೇಡಿ, ದಯವಿಟ್ಟು ನಿಮ್ಮಲ್ಲೂ ಇಟ್ಟುಕೊಳ್ಳಿ. ಈ ಸಾರವನ್ನು ಫೋನಿನಲ್ಲಿ ಅಜ್ಜಿಗೆ ಪೂರ್ತಿ ಓದಿ ಹೇಳಿದ್ದೇನೆ. ಅವರು ತಿದ್ದಿದ್ದು ಎರಡೇ. ಕೊಟ್ಟಿಗೆ ಎಡಕ್ಕಿತ್ತು ಎಂದು ಬರೆದಿದ್ದೆ, ಬಲಕ್ಕೆ ಎಂದರು. "ಹುಚ್ಚಪ್ಪನ ಹೆಂಡತಿ" ಎಂದಷ್ಟೇ ಬರೆದಿದ್ದೆ, "ಅವಳಿಗೆ ಹೆಸರಿಲ್ಯ? ಚೌಡಮ್ಮ" ಎಂದರು.

ಕೊನೆಗೆ ಅಜ್ಜಿ ಒಂದು ಕೆಲಸ ಹೇಳಿದ್ದಾರೆ. ಹುಚ್ಚಪ್ಪ, ಚೌಡಮ್ಮನಿಗೆ ಬಸವ ಎಂಬ ಮಗನಿದ್ದ, ನಾರಾಯಣ ಮಾವನಿಗಿಂತ ನಾಲ್ಕೈದು ವರ್ಷ ದೊಡ್ಡವನು. ಅವರು ಶಿವಮೊಗ್ಗದ ಕಡೆ ಹೋದರು ಎಂಬುದಷ್ಟೇ ಅಜ್ಜಿಗೆ ಗೊತ್ತು. ಪುಟ್ಟಜ್ಜನ ಹಳೇ ಡೈರಿಯಲ್ಲಿ ಊರಿನ ಹೆಸರು ಇರಬಹುದು, ಅದು ಯಾರ ಮನೆಯಲ್ಲಿದೆ? ಸಿಕ್ಕಿದರೆ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿ. ಮುಂದಿನ ತಿಂಗಳು ಊರಿಗೆ ಬರುತ್ತೇನೆ, ನಾನೇ ಹೋಗಿ ಹುಡುಕುತ್ತೇನೆ.

ನಿಮ್ಮ
ಸುಮಾ