ಪ್ರಯೋಗ ವಿಧಾನ: ಆಸ್ಪಿರಿನ್ ತಯಾರಿಕೆ

125 ಮಿ.ಲೀ. ಒಣ ಶಂಕುವಿನಾಕಾರದ ಫ್ಲಾಸ್ಕ್‌ನಲ್ಲಿ 2.00 ಗ್ರಾಂ (14.5 ಮಿಲಿಮೋಲ್) ಸ್ಯಾಲಿಸಿಲಿಕ್ ಆಮ್ಲವನ್ನು ತೆಗೆದುಕೊಳ್ಳಲಾಯಿತು. ಅಸಿಟಿಕ್ ಅನ್‌ಹೈಡ್ರೈಡ್ ನೀರಿನೊಂದಿಗೆ ವರ್ತಿಸಿ ವ್ಯರ್ಥವಾಗುವುದರಿಂದ ಫ್ಲಾಸ್ಕನ್ನು ಮೊದಲೇ ಓವನ್‌ನಲ್ಲಿ ಒಣಗಿಸಲಾಗಿತ್ತು. ಫ್ಯೂಮ್ ಹುಡ್‌ನೊಳಗೆ 5.0 ಮಿ.ಲೀ. (ಸುಮಾರು 53 ಮಿಲಿಮೋಲ್) ಅಸಿಟಿಕ್ ಅನ್‌ಹೈಡ್ರೈಡ್, ಬಳಿಕ 5 ಹನಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸೇರಿಸಲಾಯಿತು. ಮಿಶ್ರಣವನ್ನು 70–75 °ಸೆ. ನೀರಿನ ತೊಟ್ಟಿಯಲ್ಲಿ ಆಗಾಗ ಅಲ್ಲಾಡಿಸುತ್ತ 15 ನಿಮಿಷ ಕಾಯಿಸಲಾಯಿತು, ಘನವೆಲ್ಲ ಕರಗಿತು.

ಬಿಸಿ ಇರುವಾಗಲೇ 2 ಮಿ.ಲೀ. ನೀರನ್ನು ಹನಿಹನಿಯಾಗಿ ಹಾಕಿ, ಉಳಿದ ಅನ್‌ಹೈಡ್ರೈಡನ್ನು ವಿಘಟಿಸಲಾಯಿತು (ಈ ಕ್ರಿಯೆ ಶಾಖ ಬಿಡುವುದರಿಂದ ನೀರನ್ನು ಒಮ್ಮೆಲೇ ಸುರಿಯಲಿಲ್ಲ). 40 ಮಿ.ಲೀ. ತಣ್ಣೀರು ಬೆರೆಸಿ 15 ನಿಮಿಷ ಮಂಜುಗಡ್ಡೆಯಲ್ಲಿ ಇರಿಸಲಾಯಿತು. ಹರಳು ತಡವಾದ್ದರಿಂದ ಫ್ಲಾಸ್ಕ್‌ನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಗೀರಲಾಯಿತು.

ಹರಳುಗಳನ್ನು ಬುಕ್ನರ್ ಆಲಿಕೆಯಲ್ಲಿ ಹೀರು ಸೋಸುವಿಕೆಯಿಂದ ಬೇರ್ಪಡಿಸಿ, 5 ಮಿ.ಲೀ. ಮಂಜು ತಣ್ಣೀರಿನಿಂದ ಮೂರು ಬಾರಿ ತೊಳೆಯಲಾಯಿತು. ಕಚ್ಚಾ ಉತ್ಪನ್ನವನ್ನು 6 ಮಿ.ಲೀ. ಬೆಚ್ಚನೆಯ ಎಥನಾಲ್‌ನಲ್ಲಿ ಕರಗಿಸಿ, 15 ಮಿ.ಲೀ. ಬಿಸಿ ನೀರು ಸೇರಿಸಿ, ನಿಧಾನವಾಗಿ ತಣಿಸಿ ಮರುಹರಳುಗಟ್ಟಿಸಲಾಯಿತು. ಆಸ್ಪಿರಿನ್ ಮತ್ತೆ ಸ್ಯಾಲಿಸಿಲಿಕ್ ಆಮ್ಲವಾಗದಂತೆ ದ್ರಾವಣವನ್ನು ಕುದಿಸಲಿಲ್ಲ. ಹರಳುಗಳನ್ನು ಗಾಳಿಯಲ್ಲಿ ಒಂದು ರಾತ್ರಿ ಒಣಗಿಸಿ ತೂಗಲಾಯಿತು. ಇಳುವರಿಯನ್ನು ಸೈದ್ಧಾಂತಿಕ 2.61 ಗ್ರಾಂಗೆ ಹೋಲಿಸಿ ಲೆಕ್ಕಹಾಕಲಾಯಿತು. ಉಳಿದ ಸ್ಯಾಲಿಸಿಲಿಕ್ ಆಮ್ಲಕ್ಕಾಗಿ ಕಚ್ಚಾ ಮತ್ತು ಶುದ್ಧ ಮಾದರಿಗಳೆರಡನ್ನೂ 1% FeCl₃ ದ್ರಾವಣದಿಂದ ಪರೀಕ್ಷಿಸಿ, ನೇರಳೆ ಬಣ್ಣವನ್ನು ಗಮನಿಸಲಾಯಿತು.