ಗಾಳಿ ತಿರುಗುವವರೆಗೆ: ನಿಮ್ಮ ಚೀಟಿಗಳಿಗೆ ಉತ್ತರ

ಶನಿವಾರದ ಪಾಠ ಮುಂಗಾರು ಗಾಳಿ ಹಿಡಿದು ರೋಮನ್ನರ ಕಾಲದಲ್ಲಿ ಭಾರತದೊಂದಿಗೆ ನಡೆದ ಕಡಲ ವ್ಯಾಪಾರದ್ದು; ಗಂಟೆ ಹೊಡೆದ ಮೇಲೂ ನನ್ನ ಮೇಜಿನ ಮೇಲೆ ನಿಮ್ಮ ಪ್ರಶ್ನೆಗಳ ಹನ್ನೊಂದು ಚೀಟಿ ಉಳಿದಿದ್ದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರ ಬರೆದಿದ್ದೇನೆ. ನೋಟ್ಸಿನಂತೆ ಬಾಯಿಪಾಠ ಮಾಡಬೇಡಿ, ಭೂಪಟ ಪಕ್ಕದಲ್ಲಿಟ್ಟುಕೊಂಡು ಓದಿ.

ಸರ್, ಮುಂಗಾರು ಗಾಳಿಯನ್ನು ಕಂಡುಹಿಡಿದವನು ಹಿಪ್ಪಾಲಸ್ ಅಲ್ಲವೇ?

ಅಲ್ಲ. ‘ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಕ್ರಿ.ಶ. 1ನೇ ಶತಮಾನದ್ದು. ದಡ ಹಿಡಿದು ಸುತ್ತಿ ಬರುವುದನ್ನು ಬಿಟ್ಟು ನಡುಗಡಲಲ್ಲೇ ದಾಟುವ ದಾರಿ ಕಂಡವನು ಹಿಪ್ಪಾಲಸ್ ಎಂದು ಅದರಲ್ಲಿದೆ. ಗ್ರೀಕರ ಮಟ್ಟಿಗೆ ಅದು ಹೊಸದು. ನಮ್ಮ ನಾವಿಕರಿಗೂ ಅರಬರಿಗೂ ಆ ಗಾಳಿ ಅದಕ್ಕೂ ಮೊದಲೇ ಗೊತ್ತಿತ್ತು. ಮಾನ್ಸೂನ್ ಎಂಬ ಮಾತಿನ ಮೂಲವೇ ಅರಬ್ಬಿಯ ‘ಮೌಸಿಮ್’, ಅಂದರೆ ಋತು, ಹಂಗಾಮು.

ಗಾಳಿಗೂ ಊರು ಬೆಳೆಯುವುದಕ್ಕೂ ಏನು ಸಂಬಂಧ?

ಮೂರು ಚೀಟಿಯಲ್ಲಿ ಇದೇ ಪ್ರಶ್ನೆ. ನನಗೂ ಇದೇ ಮುಖ್ಯ.

ಹಡಗುಗಳು ಈಜಿಪ್ಟನ್ನು ಜುಲೈ ಹೊತ್ತಿಗೆ ಬಿಡುತ್ತಿದ್ದವು. ಕೆಂಪು ಸಮುದ್ರದ ಬಾಯಿಯ ಓಸೆಲಿಸ್‌ನಿಂದ ಮುಜಿರಿಸ್‌ಗೆ, ಅಂದರೆ ಕೇರಳದ ಮುಚಿರಿಗೆ, ನಲವತ್ತು ದಿನದ ಪಯಣ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಮಳೆಯ ಅಬ್ಬರ ಇಳಿಯುವ ಹೊತ್ತಿಗೆ ದಡ ಮುಟ್ಟಬೇಕು. ನಮ್ಮ ಮಲ್ಪೆಯವರು ಇಂದಿಗೂ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳನ್ನು ಕಡಲಿಗಿಳಿಸುವುದಿಲ್ಲ; ಆಗಿನ ಹಾಯಿ ಹಡಗು ಆ ಕಡಲಲ್ಲಿ ಏನಾಗಬಹುದು, ಯೋಚಿಸಿ. ಬಂದವರು ಸರಕು ತುಂಬಿಕೊಂಡ ಮಾತ್ರಕ್ಕೆ ಮರುವಾರವೇ ಹೊರಡುವಂತಿರಲಿಲ್ಲ. ಈಶಾನ್ಯದ ಗಾಳಿ ಬೇಕು. ವಾಪಸು ಪಯಣ ಡಿಸೆಂಬರ್, ಜನವರಿಗೆ.

ನಡುವಿನ ಆ ಮೂರು ತಿಂಗಳನ್ನು ನೋಡಿ. ನೂರಾರು ಪರದೇಶಿಗಳು ಒಂದೇ ಊರಲ್ಲಿ ಉಣ್ಣಬೇಕು, ಮಲಗಬೇಕು, ಹಡಗಿನ ಹಾಯಿ, ಹಗ್ಗ ರಿಪೇರಿ ಮಾಡಿಸಬೇಕು. ಘಟ್ಟದಿಂದ ಇಳಿದ ಮೆಣಸನ್ನು ಅವರು ಬರುವ ಮೊದಲೇ ಉಗ್ರಾಣಕ್ಕೆ ತುಂಬಿಡಬೇಕು, ಅದಕ್ಕೆ ಮುಂಗಡ ಕೊಡುವವರು ಬೇಕು. ದುಭಾಷಿ, ತೂಕದವನು, ಸುಂಕದವನು ಎಲ್ಲರೂ ಬೇಕು. ಹಡಗು ಬಂದುಹೋಗುವ ಜಾಗ ಬರೀ ರೇವು. ಕಾಯುವ ಜನ ಸೇರಿದಾಗ ಅದು ಪಟ್ಟಣವಾಗುತ್ತದೆ. ರೋಮನ್ನರ ಒಂದು ಹಳೆಯ ದಾರಿಪಟದಲ್ಲಿ ಮುಜಿರಿಸ್ ಪಕ್ಕ ರೋಮನ್ ಚಕ್ರವರ್ತಿ ಅಗಸ್ಟಸ್‌ನ ದೇಗುಲವೊಂದನ್ನು ಬರೆದಿದ್ದಾರೆ. ನಾಲ್ಕು ದಿನಕ್ಕೆ ಬಂದುಹೋಗುವವರಿಗೆ ಗುಡಿ ಏತಕ್ಕೆ?

ಬಂದರುಗಳೆಲ್ಲ ನದಿಯ ಹತ್ತಿರವೇ ಏಕೆ?

ಬಯಲು ದಡದಲ್ಲಿ ಅಲೆಗೆ ಮರೆಯಿಲ್ಲ. ನದಿಯೊಳಗೆ ನೀರು ಶಾಂತ, ಒಳನಾಡಿನ ಸರಕು ದೋಣಿಯಲ್ಲೇ ಇಳಿದುಬರುತ್ತದೆ. ಆದರೆ ಅಳಿವೆ ಸುಲಭದ ಬಾಗಿಲಲ್ಲ. ನರ್ಮದೆಯ ಮೇಲಿದ್ದ ಭರೂಚನ್ನೇ ತೆಗೆದುಕೊಳ್ಳಿ. ಅಲ್ಲಿನ ಉಬ್ಬರದ ನೀರು ಭೋರ್ಗರೆದು ನುಗ್ಗಿ, ನಿಂತ ಹಡಗನ್ನೇ ಮಗುಚುತ್ತಿತ್ತಂತೆ. ಅದಕ್ಕಾಗಿ ರಾಜನ ಸೇವೆಯಲ್ಲಿದ್ದ ಸ್ಥಳೀಯ ಮೀನುಗಾರರು ಉದ್ದದ ದೋಣಿಗಳಲ್ಲಿ ಸೌರಾಷ್ಟ್ರದ ತೀರದವರೆಗೂ ಎದುರುಹೋಗಿ, ಬಂದ ಹಡಗನ್ನು ಮರಳದಿಬ್ಬಗಳ ನಡುವೆ ಎಳೆದು ತರುತ್ತಿದ್ದರು. ಉಬ್ಬರ ಬಂದಾಗ ಮುಂದೆ, ಇಳಿದಾಗ ಗೊತ್ತಾದ ಮಡುವಿನಲ್ಲಿ ಲಂಗರು. ಪೆರಿಪ್ಲಸ್‌ನಲ್ಲಿ ನನಗೆ ತೀರಾ ಇಷ್ಟವಾದ ಭಾಗ ಇದು. ಪಟ್ಟಣದ ಸಿರಿ ನಿಂತಿದ್ದು ಈ ಬೆಸ್ತರ ಕೈಯಲ್ಲಿ, ಅವರಲ್ಲಿ ಒಬ್ಬನ ಹೆಸರೂ ನಮಗೆ ಸಿಕ್ಕಿಲ್ಲ.

ಇದಕ್ಕೆಲ್ಲ ಪುರಾವೆ ಏನಿದೆ?

ಬೇಕಾದಷ್ಟಿದೆ. ಈಜಿಪ್ಟಿನ ಬೆರೆನಿಕೆ ಬಂದರಿನ ಗುಡಿಯಲ್ಲಿ ಭಾರತದ ಮಡಕೆಯೊಂದು ಸಿಕ್ಕಿತು, ಒಳಗೆ ಸುಮಾರು 7.5 ಕಿಲೋ ಕರಿಮೆಣಸು. ವಿಯೆನ್ನಾದಲ್ಲಿರುವ ಪಪೈರಸ್ ಹಾಳೆಯೊಂದರಲ್ಲಿ 2ನೇ ಶತಮಾನದ ಮುಜಿರಿಸ್ ವ್ಯಾಪಾರದ ಸಾಲದ ಕರಾರೂ, ‘ಹೆರ್ಮಾಪೊಲ್ಲನ್’ ಹಡಗಿನ ಸರಕಿನ ಲೆಕ್ಕವೂ ಇದೆ. ಪುದುಚೇರಿ ಬಳಿಯ ಅರಿಕಮೇಡುವನ್ನು ಪುರಾತತ್ವಜ್ಞ ವ್ಹೀಲರ್ 1945ರಲ್ಲಿ ಅಗೆಸಿದಾಗ ಇಟಲಿಯ ಮಡಕೆ ಚೂರುಗಳು ಬಂದವು. ಯವನರ, ಅಂದರೆ ಗ್ರೀಕರು, ರೋಮನ್ನರ ಹಡಗು ಹೊನ್ನು ತಂದು ಮೆಣಸು ಒಯ್ಯುತ್ತದೆಂದು ಹಳೆಯ ತಮಿಳಿನ ಸಂಗಂ ಕವಿಯೂ ಹಾಡಿದ್ದಾನೆ.

ನಮ್ಮ ಬೆಂಗಳೂರಿಗೂ ಇದಕ್ಕೂ ನಂಟಿದೆಯೇ?

ಇದೆ, ಹಿಂದಿನ ಬೆಂಚಿನಿಂದ ಕೇಳಿದವರಿಗೆ ಶಹಬ್ಬಾಸ್! ಯಶವಂತಪುರದಲ್ಲೂ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿಯೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ದೊರೆತಿವೆ. ಕಡಲಿನಿಂದ ಇಷ್ಟು ದೂರ, ಘಟ್ಟ ಹತ್ತಿ ಬಂದ ಹಣ ಅದು. ಮುಂದಿನ ಶನಿವಾರ ಬರುವಾಗ ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡಿನ ಕಣಿವೆ ಎಲ್ಲಿದೆ ಎಂದು ಭೂಪಟದಲ್ಲಿ ಗುರುತು ಮಾಡಿಕೊಂಡು ಬನ್ನಿ. ಪಾಠ ಅಲ್ಲಿಂದ ಶುರು.